ಪುಣೆಯಲ್ಲಿ ಫರ್ನಿಷ್ಡ್ ಫ್ಲ್ಯಾಟ್ ಹಿಡಿಯುವವರೇ, ಹೆಬ್ಬೆಟ್ಟು ಒತ್ತುವ ಮೊದಲು ಮಷೀನ್ ತಿರುಗಿಸಿ ನೋಡಿ

ವಾಕಡ್‌ನಲ್ಲಿ 22 ತಿಂಗಳು ಇದ್ದ ಮನೆ ಬಿಟ್ಟಾಗ ನಮ್ಮ ಒಂದು ಲಕ್ಷ ಡಿಪಾಸಿಟ್‌ನಲ್ಲಿ 29,000 ರೂಪಾಯಿ ಹೋಯಿತು. ಅದರಲ್ಲಿ 5,000 ನಮ್ಮ ತಪ್ಪಿಗೇ ಹೋದದ್ದು, ಒಪ್ಪುತ್ತೇನೆ. ಉಳಿದ 24,000 ಹೋದದ್ದು ನಾವೇ ಒಪ್ಪಿ ಹೆಬ್ಬೆಟ್ಟು ಒತ್ತಿದ ಒಂದು ಸಾಲಿನಿಂದ.

ಮಾಲೀಕರು ಬೆಳಗಾವಿ ಕಡೆಯವರು, ಮನೆ ನೋಡಲು ಹೋದ ದಿನವೇ ಕನ್ನಡದಲ್ಲಿ ಮಾತಾಡಿಸಿ ಚಹಾ ಕೊಟ್ಟರು. ನಾವು ಧಾರವಾಡದವರು, ಅಲ್ಲಿಂದಾಚೆ ಅವರು ನಮಗೆ ಕಾಕಾ. ಫ್ರಿಜ್, ಎಸಿ, ವಾಷಿಂಗ್ ಮಷೀನ್, ಸೋಫಾ, ಗಾಜಿನ ಊಟದ ಮೇಜು, ಎರಡು ಮಂಚ, ಎಲ್ಲವೂ ಇದ್ದ ಮನೆ. ತಿಂಗಳ ಬಾಡಿಗೆ 32,000. ನಾಲ್ಕು ದಿನದ ಮೇಲೆ ಏಜೆಂಟ್ ಲ್ಯಾಪ್‌ಟಾಪ್ ಮತ್ತು ಬೆರಳಚ್ಚಿನ ಯಂತ್ರ ಹಿಡಿದು ನಾವಿದ್ದ ಹಳೇ ಮನೆಗೇ ಬಂದ. ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿ ಆಗಲೇಬೇಕು, ಮನೆಯಲ್ಲೇ ಕೂತು ಆಧಾರ್ ಬೆರಳಚ್ಚು ಕೊಟ್ಟರೆ ಕೆಲಸ ಮುಗಿಯುತ್ತದೆ. ಅನುಕೂಲವೇನೋ ಹೌದು. ಆದರೆ ಕೀಲಿ ನಮ್ಮ ಕೈಗೆ ಬಂದದ್ದು ಅದಾಗಿ ಆರು ದಿನಕ್ಕೆ. ಅಂದರೆ ಸಾಮಾನು ಚಾಲೂ ಮಾಡಿ ನೋಡುವ ಮೊದಲೇ ಸಾಮಾನಿನ ಪಟ್ಟಿಗೆ ಒಪ್ಪಿಗೆ ಕೊಟ್ಟಾಗಿತ್ತು.

ಆ ಪಟ್ಟಿಯಲ್ಲಿ ಇದ್ದದ್ದಾದರೂ ಏನು? "ಎಸಿ - 1, ಫ್ರಿಜ್ - 1, ವಾಷಿಂಗ್ ಮಷೀನ್ - 1, ಡೈನಿಂಗ್ ಟೇಬಲ್ - 1." ಬರೀ ಎಣಿಕೆ. ಕಂಪನಿ ಇಲ್ಲ, ವಯಸ್ಸಿಲ್ಲ, ಗೀರು-ಬಿರುಕಿನ ಮಾತಿಲ್ಲ. ಕೆಳಗೆ ಎರಡು ಸಾಲು: ಮೇಲಿನ ಎಲ್ಲ ವಸ್ತುಗಳೂ ಚಾಲೂ ಸ್ಥಿತಿಯಲ್ಲಿವೆ, ಸಹಜ ಸವೆತ ಬಿಟ್ಟು ಬೇರೆ ಯಾವ ಹಾನಿಯಾದರೂ ಬಾಡಿಗೆದಾರ ತುಂಬಿಕೊಡಬೇಕು. ನನ್ನಾಕೆ ಕೇಳಿದಳು, ಇವನ್ನೆಲ್ಲ ನಾವಿನ್ನೂ ನೋಡೇ ಇಲ್ಲವಲ್ಲ ಎಂದು. ಏಜೆಂಟ್ "ಫಾರ್ಮಾಲಿಟಿ ಆಹೆ" ಅಂದ. ಕಾಕಾಗೆ ಫೋನ್ ಹಚ್ಚಿದೆ. "ನಮ್ಮ ಕಡಿಯವರೇ ಅದೀರಿ, ಲಿಸ್ಟಿಗೆ ಯಾಕ ತಲಿ ಕೆಡಿಸ್ಕೊಳ್ತೀರಿ" ಅಂದರು. ಒತ್ತಿದೆವು.

ವಾಷಿಂಗ್ ಮಷೀನ್ ಮೊದಲ ವಾರದಿಂದಲೇ ಬಟ್ಟೆ ಹಿಂಡುವಾಗ ಗುರ್ ಅನ್ನುತ್ತಿತ್ತು. ಹಳೇ ಮಷೀನ್ ಅಲ್ಲವೇ ಎಂದು ಸುಮ್ಮನಾದೆವು. ಕಾಕಾಗೆ ಬಾಯಿಮಾತಿನಲ್ಲಿ ಹೇಳಿದ್ದೆ, ಬರೆದು ಕಳಿಸಲಿಲ್ಲ. ನನ್ನ ಎರಡನೇ ತಪ್ಪು ಅದು. ಹನ್ನೊಂದು ತಿಂಗಳಾದ ಮೇಲೆ ಕರಾರು ಹೊಸದು ಮಾಡಿದಾಗ ಅದೇ ಪಟ್ಟಿ ಹಾಗೇ ಬಂತು, ಮತ್ತೆ ಒತ್ತಿದೆವು. ಈ ಸಲವಂತೂ ನೋಡಿಲ್ಲ ಎನ್ನುವ ನೆಪವೂ ಇರಲಿಲ್ಲ. ಬಿಡುವ ಹೊತ್ತಿಗೆ ಹಿಂಡುವ ಸದ್ದು ವಿಮಾನ ಏರಿದ ಹಾಗೆ ಆಗಿತ್ತು.

2023ರ ನವೆಂಬರ್‌ನಲ್ಲಿ ಕೀಲಿ ಒಪ್ಪಿಸಲು ಕೂತಾಗ ಕಾಕಾ ಮೊದಲೇ ಬರೆದಿಟ್ಟ ಚೀಟಿ ತೆಗೆದರು. ಹೊಸ ವಾಷಿಂಗ್ ಮಷೀನ್‌ಗೆ 24,000, ಡೈನಿಂಗ್ ಟೇಬಲ್‌ಗೆ 14,000, ಎಸಿ ಗ್ಯಾಸ್‌ಗೆ 3,200. ಒಟ್ಟು 41,200.

ಮೇಜಿನ ಗಾಜು ಬಿರುಕು ಬಿಟ್ಟದ್ದು ನಮ್ಮಿಂದಲೇ, ಮಗಳು ಕುಟ್ಟಾಣಿ ಬೀಳಿಸಿದ್ದಳು. ಆದರೆ ಒಡೆದದ್ದು ಮೇಲಿನ ಗಾಜು ಮಾತ್ರ, ಕಟ್ಟಿಗೆಯ ಕಾಲುಗಳು ಗಟ್ಟಿಯಾಗಿದ್ದವು. ಗಾಜಿನಂಗಡಿಯಿಂದ ಅಳತೆ ಕೊಟ್ಟು ದರ ಬರೆಸಿಕೊಂಡು ಬಂದೆ, ಕೂರಿಸುವ ಕೂಲಿ ಸೇರಿ 5,000. ಕಾಗದ ನೋಡಿದ ಮೇಲೆ ಕಾಕಾ ಒಪ್ಪಿದರು. ಎಸಿ ಸರ್ವಿಸ್ ಮಾಡಿಸಿದ ಎರಡೂ ರಸೀದಿ ನಮ್ಮ ಹತ್ತಿರ ಇದ್ದವು. ಎಸಿಯ ಗ್ಯಾಸು ಬಳಸಿದಂತೆ ಖರ್ಚಾಗುವುದಿಲ್ಲ, ಎಲ್ಲೋ ಸೋರಿದರಷ್ಟೇ ಕಡಿಮೆಯಾಗುತ್ತದೆ ಎಂದು ಸರ್ವಿಸ್ ಹುಡುಗನೇ ಫೋನ್‌ನಲ್ಲಿ ಅವರಿಗೆ ಹೇಳಿದ. ಅದನ್ನೂ ಬಿಟ್ಟರು.

ಮಷೀನ್ ವಿಷಯಕ್ಕೆ ಮಾತ್ರ ಜಗ್ಗಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿದ, ಮರಳು ಅರೆದ ಸದ್ದು ಬಂತು. ಒಳಗೆ ಕೈ ಹಾಕಿ ಮೇಲೆ ಎತ್ತಿದ, ಡ್ರಮ್ ಅಲುಗಾಡಿತು. ಡ್ರಮ್ಮಿನ ಹಿಂದೆ ಬೇರಿಂಗ್ ಇರುತ್ತದೆ, ಅದಕ್ಕೆ ನೀರು ತಾಗದಂತೆ ಒಂದು ರಬ್ಬರ್ ಸೀಲ್. ವರ್ಷಗಳು ಕಳೆದಂತೆ ಸೀಲ್ ಸವೆದು ನೀರು ಒಳಗಿಳಿಯುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಒಡೆದದ್ದಲ್ಲ ಸಾಹೇಬ, ಸವೆದದ್ದು ಅಂದ. ಎರಡನ್ನೂ ಬದಲಿಸಲು 3,500 ಕೇಳಿದ. ಹಿಂದಿನ ಸ್ಟಿಕ್ಕರ್ ಒರೆಸಿ ನೋಡಿದರೆ ತಯಾರಾದದ್ದು 2015ರಲ್ಲಿ. ನಾವು ಹೋಗುವಾಗಲೇ ಅದಕ್ಕೆ ಆರು ವರ್ಷ ದಾಟಿತ್ತು.

ನಾನು ಲೆಕ್ಕ ಮುಂದಿಟ್ಟೆ. ವರ್ಷಕ್ಕೆ ಹತ್ತು ಪರ್ಸೆಂಟ್ ಬೆಲೆ ಇಳಿಯಿತು ಅಂದುಕೊಂಡರೂ ಎಂಟು ವರ್ಷದ ಮಷೀನ್‌ಗೆ ಉಳಿಯುವುದು ಐದರಲ್ಲೊಂದು ಪಾಲು. ಇವತ್ತಿನ ಹೊಸ ಬೆಲೆ 24,000 ಹಿಡಿದರೂ 4,800. ಪೂರ್ತಿ ಹಾಳು ಮಾಡಿದ್ದೇವೆ ಎಂದೇ ಇಟ್ಟುಕೊಂಡರೂ ನಾವು ಕೊಡಬೇಕಾದದ್ದು ಅಷ್ಟು. ಕಾಕಾ ಕರಾರಿನ ಹಾಳೆ ತಿರುಗಿಸಿ ಬೆರಳಿಟ್ಟು ತೋರಿಸಿದರು: "ಚಾಲೂ ಸ್ಥಿತಿ ಅಂತ ನೀವೇ ಎರಡ ಸಲ ಒಪ್ಪೀರಿ. ಲೆಕ್ಕ ಇದರಾಗ ಎಲ್ಲಿ ಬರದೈತಿ?"

ಎಲ್ಲೂ ಬರೆದಿರಲಿಲ್ಲ. ಪರಿಚಯದ ವಕೀಲರನ್ನು ಕೇಳಿದೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಕರಾರು ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ನೋಂದಣಿ ಆಗದಿದ್ದರೆ, ಬೇರೆ ಸಾಬೀತಾಗುವ ತನಕ, ಶರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ ಮಾತೇ ನಡೆಯುತ್ತದೆ. ನಮ್ಮದು ನೋಂದಣಿ ಆಗಿತ್ತು, ಆ ದಾರಿ ಇರಲಿಲ್ಲ. ಸಹಜ ಸವೆತ ಎನ್ನುವ ಮಾತು ಹಿಡಿದು ವಾದಿಸಬಹುದು, ಆದರೆ 24,000ಕ್ಕೆ ಎಷ್ಟು ಸಲ ಕೋರ್ಟಿಗೆ ಓಡಾಡುತ್ತೀರಿ ಅಂದರು. 71,000 ಇಸಿದುಕೊಂಡು ಬಂದೆ.

ಈಗಿನ ಬಾಣೇರ್ ಮನೆಯಲ್ಲಿ ಕೀಲಿ ಸಿಕ್ಕ ದಿನವೇ ಬೆರಳಚ್ಚು ಎಂದು ಹಟ ಹಿಡಿದೆ. ಮೊದಲು ಎಲ್ಲವನ್ನೂ ಓಡಿಸಿದೆವು. ಮಷೀನ್ ಖಾಲಿ ಹಿಂಡಿಸಿ ಸದ್ದು ಕೇಳಿದೆವು, ಎಸಿ ಅರ್ಧ ಗಂಟೆ, ಗೀಸರ್ ಹತ್ತು ನಿಮಿಷ. ಹಿಂದೆ ನಾವು ಜನವರಿಯಲ್ಲಿ ಹೋಗಿದ್ದೆವು, ಎಸಿ ಹಚ್ಚಿ ನೋಡುವ ಯೋಚನೆಯೇ ಬಂದಿರಲಿಲ್ಲ. ಪ್ರತಿಯೊಂದರ ಸ್ಟಿಕ್ಕರ್ ಫೋಟೊ ತೆಗೆದು ಸೀರಿಯಲ್ ನಂಬರ್, ತಯಾರಾದ ವರ್ಷ, ಇರುವ ಕುಂದು ಪಟ್ಟಿಗೆ ಸೇರಿಸಿದೆವು: "ಸೋಫಾ, ಎಡಗೈ ಹತ್ತಿರ ಹರಿದಿದೆ." ಜೊತೆಗೆ ಒಂದು ಶರತ್ತು: ಹಳತಾಗಿ ಕೆಟ್ಟರೆ ರಿಪೇರಿ ಮಾಲೀಕರದು, ನಮ್ಮ ಕೈಯಿಂದ ಒಡೆದರೆ ನಮ್ಮದು, ರಿಪೇರಿ ಆಗುವಂಥದ್ದಕ್ಕೆ ರಿಪೇರಿ ಖರ್ಚು ಮಾತ್ರ, ಆಗದಿದ್ದರೆ ವರ್ಷಕ್ಕೆ ಹತ್ತು ಪರ್ಸೆಂಟ್ ಕಳೆದ ಬೆಲೆ. ಏಜೆಂಟ್ ಗೊಣಗಿದ. ಮಾಲಕಿಣಿ ಓದಿ, ನನಗೂ ಇದೇ ಒಳ್ಳೆಯದು ಅಂದರು. ಕರಾರು ಆಗಲೇ ಆಗಿಹೋಗಿದ್ದರೆ, ಒಳಗೆ ಹೋದ ಮೊದಲ ಎರಡು ಮೂರು ದಿನದಲ್ಲೇ ಕುಂದುಗಳ ವಿಡಿಯೊ ವಾಟ್ಸಾಪ್‌ನಲ್ಲಿ ಕಳಿಸಿ ಮಾಲೀಕರಿಂದ ಒಂದು "ಸರಿ" ಬರೆಸಿಕೊಳ್ಳಿ. ನಾನು ಅಷ್ಟು ಮಾಡಿದ್ದರೂ ಕಾಕಾನ ಮುಂದೆ ಇಡಲು ಏನಾದರೂ ಇರುತ್ತಿತ್ತು.

ಮೊನ್ನೆ ಒಂದು ಪಾರ್ಸೆಲ್ ತಪ್ಪಿ ವಾಕಡ್ ವಿಳಾಸಕ್ಕೆ ಹೋಯಿತು. ತರಲು ಹೋದೆ. ಈಗ ಇರುವವರು ಕಲಬುರಗಿ ಕಡೆಯ ಹೊಸ ಜೋಡಿ. ಬಾಲ್ಕನಿಯಲ್ಲಿ ಮಷೀನ್ ಹಿಂಡುತ್ತಿತ್ತು, ಸದ್ದೇ ಇಲ್ಲ. ಮಷೀನಿನ ಬಾಗಿಲಿನ ಮೇಲೆ ನನ್ನ ಮಗಳು ಅಂಟಿಸಿದ್ದ ಚಿಟ್ಟೆ ಹಾಗೇ ಇತ್ತು. ಇದರ ಬೇರಿಂಗ್ ಯಾವಾಗ ಹಾಕಿಸಿದರು ಎಂದು ಕೇಳಿದೆ. "ನಮಗ ಗೊತ್ತಿಲ್ರಿ ಅಣ್ಣಾರ, ನಾವು ಬರೂಕಿಂತ ಮೊದಲ" ಅಂದಳು ಆ ಹುಡುಗಿ. ಪಟ್ಟಿ ನೋಡಿದ್ದೀರಾ ಅಂದೆ.

"ಏಜೆಂಟ್ ಮನಿಗೇ ತಂದಿದ್ದ್ರೀ. ಬೆಟ್ಟ ಒತ್ತಿ ಕೊಟ್ಟೇವಿ."