ಪುಟದ ನಂಬರ್‌ನ ಆಮೇಲೆ ತುಂಬಿದ್ರೆ ತಪ್ಪೇ ಗಟ್ಟಿಯಾಗುತ್ತೆ, ಮೋಸ ಹೋಗ್ಬೇಡಿ

ಕೊಡಗಿನ ಸುಂಟಿಕೊಪ್ಪ ಕಡೆಯ ಐದು ತೋಟದ ಹಳೇ ಮಳೆ ಲೆಕ್ಕ ಒಂದ್ಕಡೆ ಸೇರಿಸ್ಬೇಕು ಅಂತ ನಾವು ಮೂರು ಜನ ಕೂತಿದ್ವಿ. ಸ್ಕ್ಯಾನ್ ಮಾಡಿದ ರಿಜಿಸ್ಟರ್‌ಗಳು, ಜೊತೆಗೆ ಎರಡು ಟೈಪ್ ಮಾಡಿದ ವರದಿ. ತೋಟಕ್ಕೆ 30 ವರ್ಷದ ಹಾಗೆ 150 ಅಂಕಿ, ಎಕ್ಸೆಲ್‌ಗೆ ಹೊಡೆದದ್ದು ಬರೀ ವರ್ಷ ಮತ್ತು ಮಿಲಿಮೀಟರ್. ನಮ್ಮಲ್ಲಿ ಎಲ್ರೂ ಇಂಚು, ಇಂಚಿನ ನೂರನೇ ಭಾಗವಾದ ಸೆಂಟಲ್ಲೇ ಮಳೆ ಬರೆಯೋದು ಅಲ್ವಾ, ಹಾಗಾಗಿ 25.4ರಿಂದ ಗುಣಿಸಿ ಹಾಕಿದ್ವಿ, ಮೂಲದ ಅಂಕಿ ಶೀಟಲ್ಲಿ ಉಳೀಲೇ ಇಲ್ಲ.

ಪರಿಶೀಲನೆಗೆ ಮಡಿಕೇರಿಯ ಒಬ್ರು ನಿವೃತ್ತ ಮೇಷ್ಟ್ರಿಗೆ ಕೊಟ್ವಿ. "1987ಕ್ಕೆ 1560 ಎಲ್ಲಿಂದ ಬಂತಪ್ಪಾ, ಆ ವರ್ಷ ಮಳೆ ಕೈ ಕೊಟ್ಟಿತ್ತಲ್ಲ" ಅಂದ್ರು. ಆಗ ಗಾಬರಿಯಲ್ಲಿ ನಾವು ಮಾಡಿದ್ದೇ ದೊಡ್ಡ ತಪ್ಪು. ಎಲ್ಲಾ ಅಂಕಿಗೂ ಪುಟ, ಮೂಲದ ಸಾಲು ಹಾಕಿಬಿಡೋಣ ಅಂತ ಅಂಕಿಯನ್ನೇ ಹುಡುಕಿ ಪುಟ ತುಂಬ್ತಾ ಹೋದ್ವಿ. 1560 ಅಂದ್ರೆ ಸುಮಾರು 61.4 ಇಂಚು, ಹುಡುಕಿದ್ರೆ 43ನೇ ಪುಟದಲ್ಲಿ 61.40 ಇತ್ತು, ಹಾಕಿದ್ವಿ, ಆಯ್ತು ಅಂದ್ಕೊಂಡ್ವಿ.

ಮೇಷ್ಟ್ರು ಪಿಡಿಎಫ್‌ನ 43ನೇ ಪುಟ ತೆಗೆದ್ರೆ ಅಲ್ಲಿ ಗೊಬ್ಬರದ ಲೆಕ್ಕ. ನಾವು ಹಾಕಿದ್ದು ಅಚ್ಚಾದ ಪುಟದ ನಂಬರ್, ಶುರುವಲ್ಲಿ ಎಂಟು ಪುಟ ನಂಬರ್ ಇಲ್ದೆ ಇದ್ದದ್ರಿಂದ ಪಿಡಿಎಫ್‌ನಲ್ಲಿ ಅದು 51. ಆದ್ರೂ ಅವ್ರು ಬಿಡದೆ ಹುಡುಕಿದ್ರು, 61.40 ಸಿಕ್ತು, ಆದ್ರೆ ಆ ಸಾಲು 1978ರದ್ದು! 1987ರ ಸಾಲಲ್ಲಿ ಇದ್ದದ್ದು 47.85, ಅಂದ್ರೆ ಸುಮಾರು 1215 ಮಿಲಿಮೀಟರ್. ಮೊದಲು ಟೈಪ್ ಮಾಡುವಾಗ ವರ್ಷ ತಿರುವು ಮುರುವು ಆಗಿತ್ತು, ಆಮೇಲೆ ಅದೇ ತಪ್ಪು ಅಂಕಿ ಹಿಡ್ಕೊಂಡು ಹುಡುಕಿದ್ದಕ್ಕೆ ಅದಕ್ಕೆ ಸಾಕ್ಷಿನೂ ಸಿಕ್ಬಿಡ್ತು. ಖಾಲಿ ಬಿಟ್ಟಿದ್ರೆ ಅನುಮಾನನಾದ್ರೂ ಉಳೀತಿತ್ತು. ನನಗೆ ಇವತ್ತಿಗೂ ಇದೇ ಬೇಜಾರು.

150ನ್ನೂ ಮೊದಲಿಂದ ಮಾಡಿದ್ವಿ. ಈ ಸಲ ಪುಟ ನೋಡ್ತಾ ಇರುವಾಗ್ಲೇ ಸಾಲು ಬರ್ಕೊಂಡ್ವಿ, ಬರೀ "47.85" ಅಲ್ಲ, "1987 | ಒಟ್ಟು | 47.85 ಇಂಚು" ಅಂತ ವರ್ಷ, ಕಾಲಂ ಹೆಸರು, ಅಳತೆ ಎಲ್ಲಾ ಸೇರಿಸಿ. ಯಾಕಂದ್ರೆ ಪಕ್ಕದಲ್ಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೊತ್ತದ ಕಾಲಂ ಕೂಡ ಇದೆ. ಪಿಡಿಎಫ್ ಪುಟ ಒಂದು ಕಾಲಂ, ಅಚ್ಚಿನ ಪುಟ ಇನ್ನೊಂದು, ಮಿಲಿಮೀಟರ್ ಬೇರೆ. A ವರ್ಷ, C ಇಂಚಿನ ಅಂಕಿ, F ಮೂಲದ ಸಾಲು:

```
=AND(ISNUMBER(FIND(A2,F2)),ISNUMBER(FIND(C2,F2)))
```

C ಕಾಲಂನ ಟೆಕ್ಸ್ಟ್ ಆಗಿ ಇಡಿ, ಇಲ್ದಿದ್ರೆ 61.40 ಹೋಗಿ 61.4 ಆಗುತ್ತೆ, ಅದು 61.45ಕ್ಕೂ ಹೊಂದ್ಬಿಡುತ್ತೆ. ಈ ಸೂತ್ರ ಸಾಲಿಗೂ ಅಂಕಿಗೂ ತಾಳೆ ನೋಡುತ್ತೆ ಅಷ್ಟೇ, ಆ ಸಾಲು ಪುಟದಲ್ಲಿ ಇದ್ಯಾ ಅಂತ ಇನ್ನೊಬ್ರು ತೆಗೆದೇ ನೋಡ್ಬೇಕು. ಹಳೇ ನುಡಿ ಫಾಂಟಿನ ವರದಿಯಿಂದ ಕಾಪಿ ಮಾಡಿದ್ರೆ ಅರ್ಥವಿಲ್ಲದ ಅಕ್ಷರ ಬರುತ್ತೆ, ಕೈಬರಹದ ಸ್ಕ್ಯಾನಲ್ಲಿ ಕಾಪಿ ಮಾಡೋಕೆ ಏನೂ ಇರಲ್ಲ, ಅಂಥದ್ದಕ್ಕೆ "ಕಣ್ಣಲ್ಲಿ ನೋಡಿ ಟೈಪ್ ಮಾಡಿದ್ದು" ಅಂತ ಗುರುತು ಹಾಕಿದ್ವಿ.

ಇನ್ನೂ ಒಂಬತ್ತು ತಪ್ಪು ಸಿಕ್ತು. ನಾಲ್ಕು ಅಂಕಿಗೆ ಮೂಲದ ಪುಟವೇ ಸಿಗಲಿಲ್ಲ, ಅವನ್ನ ಖಾಲಿ ಬಿಟ್ಟೇ ಮೇಷ್ಟ್ರಿಗೆ ಕಳ್ಸಿದ್ವಿ.