ಶೇಕಡಾವಾರು, ರೂಪಾಯಿ, ‘ಎಷ್ಟರಿಂದ ಎಷ್ಟಕ್ಕೆ’: ಒಂದೇ ಅರ್ಜಿಯ ಮೂರು ರೂಪಗಳು

ವಾಹನ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಲ್ಲಿ ಪ್ಲಾಂಟ್ ಹೆಡ್ ಹುದ್ದೆಗೆ ನಾನು ಕೆಲವು ತಿಂಗಳು ಅರ್ಜಿ ಹಾಕುತ್ತಿದ್ದೆ. ಇಮೇಲ್ ಚಿಕ್ಕದಾಗಿಯೇ ಇರುತ್ತಿತ್ತು: ಯಾವ ಹುದ್ದೆ, ಈಗ ಎಷ್ಟು ದೊಡ್ಡ ಕಾರ್ಖಾನೆಯ ಹೊಣೆ, ಆಮೇಲೆ ಸಾಧನೆಯ ಮೂರು ಸಾಲು. ಆ ಮೂರು ಸಾಲುಗಳನ್ನು ಮೂರು ಬಗೆಯಲ್ಲಿ ಬರೆದು ಕಳುಹಿಸಿ ನೋಡಿದೆ. ಕೆಲಸ ಒಂದೇ, ಅಂಕಿಗಳೂ ಒಂದೇ. ಬದಲಾದದ್ದು ಅವುಗಳನ್ನು ಹೇಳುವ ರೀತಿ ಮಾತ್ರ. ಅರ್ಜಿಗಳೆಲ್ಲ ಇಂಗ್ಲಿಷ್‌ನಲ್ಲಿದ್ದವು, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

ಮೊದಲನೆಯದು ಶೇಕಡಾವಾರು ರೂಪ: ‘ಗ್ರಾಹಕರಿಂದ ವಾಪಸಾಗುವ ಭಾಗಗಳು ಶೇ 75 ಇಳಿಕೆ, ಯಂತ್ರಗಳ ಒಟ್ಟು ದಕ್ಷತೆ ಶೇ 22 ಏರಿಕೆ, ದಾಸ್ತಾನು ಶೇ 33 ಇಳಿಕೆ.’ ಓದಲು ಚುರುಕಾಗಿದೆ. ಆದರೆ ಕರೆ ಮಾಡಿದ ನೇಮಕಾತಿ ಸಲಹೆಗಾರರೊಬ್ಬರು ಮೊದಲು ಕೇಳಿದ್ದೇ ‘ಎಷ್ಟಿತ್ತು?’ ಎಂದು. ಅವರ ಪ್ರಶ್ನೆ ನ್ಯಾಯವಾದದ್ದು. ನಾಲ್ಕು ದೂರು ಒಂದಕ್ಕೆ ಇಳಿದರೂ ಶೇ 75, ಹತ್ತು ಲಕ್ಷ ಭಾಗಗಳಿಗೆ ಎಷ್ಟು ಎಂಬ ಪಿಪಿಎಂ ಲೆಕ್ಕದಲ್ಲಿ 1,200 ವಾಪಸಾಗುತ್ತಿದ್ದದ್ದು 300ಕ್ಕೆ ಇಳಿದರೂ ಶೇ 75.

ಎರಡನೇ ಸಾಲಿನ ಪೆಟ್ಟು ಇನ್ನೂ ದೊಡ್ಡದು. ದಕ್ಷತೆ, ಅಂದರೆ ಕಾರ್ಖಾನೆಯವರು ಓಇಇ ಎನ್ನುವ ಅಳತೆ, ಶೇ 58ರಿಂದ 71ಕ್ಕೆ ಏರಿತ್ತು. ಏರಿದ್ದು 13 ಅಂಶ. 58ಕ್ಕೆ ಹೋಲಿಸಿದರೆ ಶೇ 22. ನಾನು ಇಮೇಲ್‌ನಲ್ಲಿ 22 ಎಂದು ಬರೆದಿದ್ದೆ, ಜೊತೆಗೆ ಲಗತ್ತಿಸಿದ ಬಯೋಡೇಟಾದಲ್ಲಿ 13 ಎಂದಿತ್ತು. ಎರಡೂ ಸರಿ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ಒಂದು ಸುಳ್ಳೆಂದೇ ಕಾಣುತ್ತದೆ.

ಎರಡನೆಯದು ರೂಪಾಯಿ ರೂಪ. ನಿರ್ದೇಶಕ ಮಂಡಳಿಗೆ ಹಣದ ಭಾಷೆಯೇ ಅರ್ಥವಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದ್ದರು. ವರ್ಷಕ್ಕೆ 146 ಕೋಟಿ ರೂಪಾಯಿ ಉತ್ಪಾದನಾ ವೆಚ್ಚವಿರುವ ಕಾರ್ಖಾನೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 40 ಲಕ್ಷವಾಯಿತು. ದಾಸ್ತಾನು 46 ದಿನಗಳಿಂದ 31ಕ್ಕೆ ಇಳಿದರೆ 15 ದಿನದ ಸರಕಿನ ಬೆಲೆ, 6 ಕೋಟಿ, ಕೈಗೆ ಬಿಡುಗಡೆಯಾಗುತ್ತದೆ. ಇದೇ ಲೆಕ್ಕದಲ್ಲಿ ‘6 ಕೋಟಿ ಉಳಿತಾಯ’ ಎಂದು ಬರೆದೆ. ಸಂದರ್ಶನದಲ್ಲಿ ಹಣಕಾಸು ಮುಖ್ಯಸ್ಥರು ‘ಪ್ರತಿ ವರ್ಷವೂ ಉಳಿಯುತ್ತದೆಯೇ?’ ಎಂದು ಕೇಳಿದರು. ಉಳಿಯುವುದಿಲ್ಲ. ಅದು ಒಮ್ಮೆ ಬಿಡುಗಡೆಯಾಗುವ ನಗದು. ವರ್ಷವರ್ಷವೂ ಉಳಿಯುವುದು ಮುಖ್ಯವಾಗಿ ಅದರ ಮೇಲಿನ ಬಡ್ಡಿ. ಶೇ 9ರ ದರದಲ್ಲಿ 54 ಲಕ್ಷ. ‘ಉಳಿತಾಯ’ ಎಂಬ ಒಂದು ಪದದಿಂದ ನನ್ನ ಸಾಧನೆ ಹನ್ನೊಂದು ಪಟ್ಟು ಉಬ್ಬಿ ಕಂಡಿತ್ತು. ಇನ್ನೊಂದು ತೊಡಕೂ ಇದೆ: ರೂಪಾಯಿ ಅಂಕಿ ನಮ್ಮ ಈಗಿನ ಕಂಪನಿಯ ಒಳಗಿನ ಲೆಕ್ಕ. ಪ್ರತಿಸ್ಪರ್ಧಿ ಕಂಪನಿಗೆ ಅದನ್ನು ಬರೆದು ಕಳುಹಿಸುವವನ ಮೇಲೆ ಹೊಸಬರಾದರೂ ಹೇಗೆ ನಂಬಿಕೆ ಇಟ್ಟಾರು?

ಮೂರನೆಯ ರೂಪದಲ್ಲಿ ಪ್ರತಿ ಸಾಲಿಗೂ ಆರಂಭದ ಅಂಕಿ, ಮುಟ್ಟಿದ ಅಂಕಿ, ಹೇಗೆ ಅಥವಾ ಯಾವ ಮಿತಿಯೊಳಗೆ ಎಂಬುದು:

ವಾಪಸಾದ ಭಾಗಗಳು 18 ತಿಂಗಳಲ್ಲಿ 1,200ರಿಂದ 300 ಪಿಪಿಎಂಗೆ. ತಪಾಸಣೆಯನ್ನು ಕೊನೆಯಿಂದ ಯಂತ್ರದ ಬಳಿಗೆ ತಂದು.
ಓಇಇ ಅದೇ ಅವಧಿಯಲ್ಲಿ ಶೇ 58ರಿಂದ 71ಕ್ಕೆ. ಹೊಸ ಯಂತ್ರ ಕೊಳ್ಳದೆ.
ದಾಸ್ತಾನು ಅದೇ ಅವಧಿಯಲ್ಲಿ 46ರಿಂದ 31 ದಿನಕ್ಕೆ. ಸಕಾಲದ ಪೂರೈಕೆ ಶೇ 94ಕ್ಕಿಂತ ಇಳಿಯದೆ.

ನನಗೆ ಇದೇ ಹೆಚ್ಚು ಇಷ್ಟವಾಯಿತು, ಮುಖ್ಯವಾಗಿ ಪ್ರತಿ ಸಾಲಿನಲ್ಲಿ ಅಂಕಿಗಳ ನಂತರ ಬರುವ ಮಾತಿಗಾಗಿ. ದಾಸ್ತಾನು ಇಳಿಸುವುದು ಯಾರಿಗೂ ಸಾಧ್ಯ. ಖರೀದಿ ನಿಲ್ಲಿಸಿದರೆ ಸಾಕು, ಆದರೆ ಗ್ರಾಹಕರ ಲಾರಿ ಬಾಗಿಲಲ್ಲಿ ಕಾಯುತ್ತದೆ. ಅನುಭವಿ ಓದುಗನಿಗೆ ಆ ಅನುಮಾನ ಮೊದಲೇ ಬರುತ್ತದೆ. ಅದಕ್ಕೆ ಅಲ್ಲೇ ಉತ್ತರ ಸಿಕ್ಕರೆ ಮಾತುಕತೆ ಬೇರೆಡೆಯಿಂದ ಶುರುವಾಗುತ್ತದೆ. ಈ ರೂಪಕ್ಕೆ ಬಂದ ಕರೆಗಳಲ್ಲಿ ‘ಎಷ್ಟಿತ್ತು’ ಎಂದು ಯಾರೂ ಕೇಳಲಿಲ್ಲ. ‘ತಪಾಸಣೆ ಯಂತ್ರದ ಬಳಿಗೆ ಬಂದಾಗ ಕಾರ್ಮಿಕರು ಒಪ್ಪಿದರೇ?’ ಎಂದು ಕೇಳಿದರು. ಅದು ನಾನು ಗಂಟೆಗಟ್ಟಲೆ ಮಾತಾಡಬಲ್ಲ ವಿಷಯ. ಒಟ್ಟು ಕಳುಹಿಸಿದ್ದು ಕೆಲವೇ ಅರ್ಜಿ. ಕರೆಗಳ ಸಂಖ್ಯೆ ಹಿಡಿದು ಗೆಲುವು ಸೋಲು ಹೇಳಲಾರೆ, ಕೇಳಿದ ಪ್ರಶ್ನೆಗಳು ಬದಲಾದದ್ದನ್ನಂತೂ ಹೇಳಬಲ್ಲೆ.

ಇದರ ಕೊರತೆ ಉದ್ದ. ಮೊಬೈಲ್‌ನಲ್ಲಿ ಒಂದೊಂದು ಸಾಲೂ ಮುರಿದು ಎರಡೋ ಮೂರೋ ಆಗುತ್ತದೆ. ಹಾಗಾಗಿ ಸಮಯವನ್ನು ಮೂರೂ ಸಾಲುಗಳಿಂದ ತೆಗೆದು ಮೇಲಿನ ವಾಕ್ಯಕ್ಕೆ ಸೇರಿಸಿದೆ: ‘ಎರಡು ಪಾಳಿ, 340 ಮಂದಿಯ ಕಾರ್ಖಾನೆಯಲ್ಲಿ ಕಳೆದ 18 ತಿಂಗಳಲ್ಲಿ.’ ರೂಪಾಯಿ ಅಂಕಿಯನ್ನು ಇಮೇಲ್‌ನಿಂದ ಪೂರ್ತಿ ಬಿಟ್ಟಿದ್ದೇನೆ. ಹಣಕಾಸು ಮುಖ್ಯಸ್ಥರು ಎದುರಿಗೆ ಕುಳಿತಾಗ, ನಗದು ಬೇರೆ ಬಡ್ಡಿ ಬೇರೆ ಎಂದು ಬಿಡಿಸಿ, ಬಾಯಲ್ಲೇ ಹೇಳುತ್ತೇನೆ.