ಮಳೆಗಾಲದ ದೀಪ: ಆಂಡ್-ಆರ್, ಬರೀ ನ್ಯಾಂಡ್, ಎಕ್ಸಾರ್ ಮೂರೂ ಕಟ್ಟಿ ನೋಡ್ದೆ

ಈ ಸಲ ಜೂನಲ್ಲಿ ಶಿರಸಿ ಮನೇಲಿ ಹೊರಗೆ ಕಾಲಿಡಕ್ಕಾಗದ ಹಾಗೆ ಮಳೆ ಹಿಡ್ದಿತ್ತು, ಅಕ್ಕನ ಮಗ ಡಿಪ್ಲೊಮಾ ಓದ್ತಾ ಇದಾನೆ, ಅವನಿಗೆ ಕೆ-ಮ್ಯಾಪ್ ಹೇಳ್ಕೊಡ್ತಾ ಪುಸ್ತಕದ ಲೆಕ್ಕ ಬಿಟ್ಟು ನಮ್ದೇ ಒಂದು ಲೆಕ್ಕ ಮಾಡ್ಕೊಂಡ್ವಿ. ನಾಲ್ಕು ಸ್ವಿಚ್ಚಲ್ಲಿ ತಿಂಗಳ ನಂಬರ್ ಕೊಡೋದು, ಅದು ಮಳೆಗಾಲದ ತಿಂಗಳಾದ್ರೆ ಎಲ್‌ಇಡಿ ಹತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್, ಅಂದ್ರೆ 6, 7, 8, 9. A ದೊಡ್ಡ ಬಿಟ್, D ಚಿಕ್ಕದು. 0, 13, 14, 15 ಅನ್ನೋ ತಿಂಗಳೇ ಇಲ್ಲ, ಹಾಗಾಗಿ ಅವು ಡೋಂಟ್ ಕೇರ್, ಮ್ಯಾಪಲ್ಲಿ x.

```
AB\CD  00  01  11  10
00      x   0   0   0
01      0   0   1   1
11      0   x   x   x
10      1   1   0   0
```

ಮ್ಯಾಪ್ ಮಾಡದೇ ಟೇಬಲ್ ನೋಡಿ ಸೀದಾ ಕಟ್ಟಿದ್ರೆ ಎಷ್ಟಾಗತ್ತೆ ಅಂತ ಮೊದ್ಲು ಎಣಿಸಿದ್ವಿ. ನಾಲ್ಕು ಟರ್ಮು, ಒಂದೊಂದಕ್ಕೂ ನಾಲ್ಕು ಅಕ್ಷರ, ಎರಡು ಇನ್‌ಪುಟ್ಟಿನ ಗೇಟಲ್ಲಿ ಮಾಡೋದಾದ್ರೆ 12 ಆಂಡ್, 3 ಆರ್, 4 ನಾಟ್ ಬೇಕು, ಅಂದ್ರೆ 7408 ಮೂರು, 7432 ಒಂದು, 7404 ಒಂದು, ಒಟ್ಟು ಐದು ಐಸಿ. ಅದನ್ನ ಕಟ್ಟಲಿಲ್ಲ, ಎಣಿಸಿ ಬಿಟ್ವಿ.

ಮ್ಯಾಪಲ್ಲಿ 6, 7ರ ಕೆಳಗೇ 14, 15 x ಇದಾವಲ್ಲ, ನಾಲ್ಕನ್ನೂ ಸೇರಿಸಿ ಸುತ್ತು ಹಾಕಿದ್ರೆ ಬರೀ BC ಉಳಿಯತ್ತೆ. 8, 9 ಜೋಡಿಗೆ ಮೇಲಿನ ಸಾಲಲ್ಲಿ 12 ಸೊನ್ನೆ ಇರೋದ್ರಿಂದ ದೊಡ್ಡದು ಮಾಡಕ್ಕಾಗಲ್ಲ, ಅದು AB'C'.

```
F = BC + AB'C'
```

D ಕಾಣೆ! 6-7 ಒಂದು ಜೋಡಿ, 8-9 ಒಂದು ಜೋಡಿ, ಎರಡರಲ್ಲೂ ಬದಲಾಗೋದು D ಮಾತ್ರ, ಹಾಗಾಗಿ ನಾಲ್ಕನೇ ಸ್ವಿಚ್ಚಿನ ವೈರ್ ಎಲ್ಲಿಗೂ ಹೋಗಲ್ಲ. ನಮ್ಮ ಹುಡ್ಗ ಮೊದಲ ಸಲ ಅಡ್ಡಕ್ಕೂ ಉದ್ದಕ್ಕೂ 00, 01, 10, 11 ಅಂತ ಬರ್ದಿದ್ದ. ಹಾಗೆ ಬರೆದ್ರೆ 11ರ ಸಾಲು ಕೊನೆಗೆ ಹೋಗ್ಬಿಡತ್ತೆ, 6-7ಕ್ಕೂ 14-15ಕ್ಕೂ ನಡುವೆ ಬೇರೆ ಸಾಲು ಬಂದು ಕೂರತ್ತೆ, ಅವನಿಗೆ BC ಬದಲು A'BC ಬಂತು. ಉತ್ತರ ತಪ್ಪಲ್ಲ, ಎಲ್‌ಇಡಿ ಸರಿಯಾಗೇ ಹತ್ತತ್ತೆ, ಆದ್ರೆ ಒಂದು ನಾಟು ಒಂದು ಆಂಡು ಸುಮ್ನೆ ಜಾಸ್ತಿ. ಕಟ್ಟಿ ನೋಡಿದ್ರೂ ಈ ತಪ್ಪು ಗೊತ್ತಾಗಲ್ಲ, ಅದಕ್ಕೇ ಹೆಡಿಂಗನ್ನ ಎರಡೆರಡು ಸಲ ನೋಡ್ಬೇಕು.

ಮೊದಲನೇದು ಆಂಡ್-ಆರ್-ನಾಟ್. B', C' ಮಾಡಕ್ಕೆ ಎರಡು ನಾಟ್, BCಗೆ ಒಂದು ಆಂಡ್, AB'C'ಗೆ ಎರಡು ಆಂಡ್, ಕೊನೆಗೆ ಒಂದು ಆರ್. ಆರೇ ಗೇಟು, ಆದ್ರೆ ಮೂರು ಜಾತಿ ಐಸಿ ಬೇಕು. ಹಳೇ ಮೊಬೈಲ್ ಚಾರ್ಜರಿನ 5 ವೋಲ್ಟ್, ಸ್ವಿಚ್ಚಿಗೆ 4.7 ಕಿಲೋ ಓಮ್ ಪುಲ್-ಅಪ್, ಎಲ್‌ಇಡಿಗೆ 330 ಓಮ್. ಹಾಕಿದ್ ಕೂಡ್ಲೇ 6, 7, 8, 9 ಹತ್ತಿದ್ವು, ಜೊತೆಗೆ 12ಕ್ಕೂ ಹತ್ತಿತು! ಡಿಸೆಂಬರಲ್ಲಿ ಮಳೆಗಾಲ.

ಇದನ್ನ ಹುಡುಕಿದ ರೀತಿ ನಂಗೆ ಬಹಳ ಇಷ್ಟ ಆಯ್ತು. 74ಎಲ್‌ಎಸ್ ಐಸಿಲಿ ಇನ್‌ಪುಟ್ ಪಿನ್ ಖಾಲಿ ಬಿಟ್ರೆ ಅದು ಸಾಮಾನ್ಯವಾಗಿ 1 ಅಂತ್ಲೇ ಓದ್ಕೊಳತ್ತೆ. AB'C' ಇರೋ ಕಡೆ B' ವೈರ್ ಬಿಟ್ಟುಹೋದ್ರೆ ಉಳಿಯೋದು AC', ಅದು ಹತ್ತೋದು 8, 9, 12, 13ಕ್ಕೆ. C' ಬಿಟ್ಟುಹೋದ್ರೆ AB', ಆಗ 10, 11 ಹತ್ತಬೇಕಿತ್ತು. A ಬಿಟ್ಟುಹೋದ್ರೆ ಜನವರಿ ಹತ್ತತ್ತೆ. ನಮ್ಗೆ ಡಿಸೆಂಬರ್ ಹತ್ತಿದೆ ಅಂದ್ರೆ B' ವೈರೇ. ಹೋಗಿ ನೋಡಿದ್ರೆ 7404ರ ಔಟ್‌ಪುಟ್ ವೈರು ಬ್ರೆಡ್‌ಬೋರ್ಡಲ್ಲಿ ಒಂದು ತೂತು ಪಕ್ಕಕ್ಕೆ ಚುಚ್ಚಿತ್ತು. ಮಲ್ಟಿಮೀಟರ್ ಮುಟ್ಟದೇ ಮ್ಯಾಪ್ ನೋಡೇ ವೈರ್ ಸಿಕ್ತು.

ಎರಡನೇದು ಬರೀ ನ್ಯಾಂಡ್, ಅದೂ 7400 ಮಾತ್ರ. ಆಂಡೂ ಆರೂ ತೆಗ್ದು ಎರಡೂ ಕಡೆ ನ್ಯಾಂಡ್ ಹಾಕಿದ್ರೆ ನಡುವಿನ ಎರಡು ಇನ್ವರ್ಶನ್ ಒಂದಕ್ಕೊಂದು ಹೊಡ್ಕೊಂಡು ಹೋಗಿ F ಹಾಗೇ ಉಳಿಯತ್ತೆ. ತೊಂದ್ರೆ ಆಗೋದು ಮೂರು ಅಕ್ಷರದ AB'C'ಗೆ: B', C' ನ್ಯಾಂಡ್ ಮಾಡಿ, ಅದನ್ನ ತಿರುಗಿಸಿ, ಆಮೇಲೆ A ಜೊತೆ ಇನ್ನೊಂದು ನ್ಯಾಂಡ್. ಎಣಿಸಿದ್ರೆ ಏಳು ಗೇಟು. ಗೇಟು ಒಂದು ಜಾಸ್ತಿ ಆದ್ರೂ ಐಸಿ ಎರಡೇ, ಅದೂ ಒಂದೇ ನಂಬರಿಂದು. ನಮ್ ಕಡೆಯವ್ರಿಗೆ ಇದು ದೊಡ್ಡ ವಿಷ್ಯ, ಒಂದು 7432 ಸುಟ್ಟುಹೋದ್ರೆ ಹುಬ್ಳಿಗೆ ಹೋಗೋರು ಯಾರಾದ್ರೂ ಇದಾರಾ ಅಂತ ಕೇಳ್ಬೇಕು, 7400 ಆದ್ರೆ ನಾಲ್ಕು ಜಾಸ್ತಿ ತಂದಿಟ್ಕೊಂಡ್ರೆ ಎಲ್ಲಾದಕ್ಕೂ ಆಗತ್ತೆ.

ಆದ್ರೆ ತಪ್ಪು ಹುಡುಕೋದು ಕಷ್ಟ. ಆಂಡ್-ಆರಲ್ಲಿ ಮ್ಯಾಪಿನ ಒಂದು ಸುತ್ತಿಗೆ ಒಂದು ವೈರು, ಆ ವೈರಿಗೆ ಎಲ್‌ಇಡಿ ಮುಟ್ಟಿಸಿದ್ರೆ ಆ ಸುತ್ತು ಹತ್ತಿದ್ಯಾ ಇಲ್ವಾ ಕಾಣತ್ತೆ. ನ್ಯಾಂಡಲ್ಲಿ ಅದೇ ಜಾಗದಲ್ಲಿ ಸುತ್ತು ಹತ್ತಿದಾಗ 0 ಇರತ್ತೆ, ಹುಡುಗ್ರಿಗೆ ತಲೆ ಕೆಡತ್ತೆ. ಇನ್ನೊಂದು, ನಾಟ್ ಮಾಡಕ್ಕೆ ಎರಡೂ ಪಿನ್ ಸೇರಿಸಬೇಕಲ್ಲ, ನಾವು ಒಂದು ಕಡೆ ಒಂದೇ ಪಿನ್ ಹಾಕಿದ್ವಿ, ಖಾಲಿ ಪಿನ್ 1 ಅಂತ ಓದ್ಕೊಂಡು ಸರಿಯಾಗೇ ಕೆಲ್ಸ ಮಾಡ್ತಿತ್ತು, ವೈರ್ ಹತ್ರ ಕೈ ಹೋದಾಗ ಮಾತ್ರ ಮಿಣಮಿಣ ಅಂತಿತ್ತು. ಹೀಗೆ ಅದೃಷ್ಟದ ಮೇಲೆ ನಡೆಯೋ ಸರ್ಕ್ಯೂಟ್ ಪೂರ್ತಿ ಕೆಟ್ಟಿದ್ದಕ್ಕಿಂತ ಅಪಾಯ.

ಮೂರನೇದು ಮ್ಯಾಪಿಂದ ಬಂದಿದ್ದಲ್ಲ. ABC ನೋಡಿದ್ರೆ ಹತ್ತಬೇಕಾದ್ದು 011 ಮತ್ತು 100, ಎರಡರಲ್ಲೂ A ಅನ್ನೋದು Bಗಿಂತಲೂ ಬೇರೆ, Cಗಿಂತಲೂ ಬೇರೆ.

```
F = (A⊕B)(A⊕C)
```

7486ರಲ್ಲಿ ಎರಡು ಎಕ್ಸಾರ್, 7408ರಲ್ಲಿ ಒಂದು ಆಂಡ್, ಮೂರೇ ಗೇಟು, ನಾಟೇ ಇಲ್ಲ! ಸುತ್ತು ಹಾಕೋ ವಿಧಾನ ಆಂಡ್, ಆರ್ ಲೆಕ್ಕದಲ್ಲೇ ಯೋಚ್ನೆ ಮಾಡೋದು, ಎಕ್ಸಾರ್ ಮ್ಯಾಪಲ್ಲಿ ಮೂಲೆಯಿಂದ ಮೂಲೆಗೆ ಕೂತಿರತ್ತೆ, ಸುತ್ತಿಗೆ ಸಿಗಲ್ಲ. ಇದನ್ನ ಮೊದಲ ಎರಡರ ಪಕ್ಕ ಇಟ್ಟು ಹದಿನಾರೂ ಕೊಟ್ಟು ನೋಡಿದ್ರೆ 14, 15ಕ್ಕೆ ಉತ್ತರ ಬೇರೆ. ಅವು ಹತ್ತತಾವೆ, ಇದು ಹತ್ತಲ್ಲ. ಹುಡ್ಗ ಗಾಬರಿಯಾದ, ಆದ್ರೆ ಎರಡೂ ಸರಿ, x ಅನ್ನ ಒಂದು 1 ಅಂತ ತಗೊಂಡಿದೆ, ಇನ್ನೊಂದು 0 ಅಂತ. ಹಂಗಾಗಿ 14, 15 ನಿಜಕ್ಕೂ ಬರಬಹುದಾದ ಕಡೆ, ಸ್ವಿಚ್ ಹಾಕೋರು ತಪ್ಪು ಮಾಡಬಹುದಾದ ಕಡೆ, ನಾನು ಎಕ್ಸಾರೇ ಹಾಕ್ತೀನಿ. ಕಲಿಯೋರಿಗೆ ಆಂಡ್-ಆರ್, ಸಾಮಾನು ಕಮ್ಮಿ ಇರೋ ಕಡೆ ನ್ಯಾಂಡ್.

ಅಪ್ಪ ಬಂದು 7ರಿಂದ 8ಕ್ಕೆ ಸ್ವಿಚ್ ಬದಲಾಯಿಸ್ತಾ ಇದ್ದಿದ್ದು ನೋಡ್ತಾ ಇದ್ರು, ನಡುವೆ ದೀಪ ಆರಿ ಹತ್ತಿತು. "ಎಂತದೋ ಇದು, ಜುಲೈ ಆಗಸ್ಟ್ ನಡುವೆ ಮಳೆ ನಿಂತೇ ಹೋತಲ" ಅಂದ್ರು. ನಾನೂ ಲೂಸ್ ವೈರ್ ಅನ್ಕೊಂಡೆ, ಮೂರೂ ಬೋರ್ಡಲ್ಲಿ ಅದೇ ಆಗ್ತಿತ್ತು. 0111ರಿಂದ 1000ಕ್ಕೆ ನಾಲ್ಕೂ ಸ್ವಿಚ್ ಬದಲಾಗ್ಬೇಕು, ಕೈಯಲ್ಲಿ ಒಂದೊಂದೇ ಹಾಕ್ತೀವಿ, BC 11ರಿಂದ 00ಕ್ಕೆ ಹೋಗೋವಾಗ 10 ಇಲ್ಲಾ 01 ದಾಟ್ಲೇಬೇಕು, ನಮ್ಮ ಮೂರು ಸರ್ಕ್ಯೂಟಲ್ಲೂ ಅಲ್ಲಿ F ಸೊನ್ನೆನೇ. ಯಾವ ಕ್ರಮದಲ್ಲಿ ಹಾಕಿದ್ರೂ ತಪ್ಪಿಸಕ್ಕಾಗಲ್ಲ. ಮ್ಯಾಪ್ ತೋರ್ಸಿ ಎರಡು ಸುತ್ತು ಎಲ್ಲೂ ಒಂದಕ್ಕೊಂದು ತಾಗಿಲ್ಲ ನೋಡಿ ಅಂದೆ, ಅಪ್ಪ ಕನ್ನಡಕ ಹಾಕ್ಕೊಂಡು ಬೆರಳಿಟ್ಟು 7ರಿಂದ 8ಕ್ಕೆ ಮನೆ ಮನೆ ಎಣಿಸಿ ನೋಡಿದ್ರು.